ನಲವತ್ತೈದು ದಿನಗಳ ಬೆಲೆ

ಜಯನಗರದ ಮಹಡಿ ಮೇಲಿನ ಆ ಸಣ್ಣ ಕಚೇರಿಯಲ್ಲಿ ಹಳೆಯ ಡೈರಿಗಳ ಒಂದು ಸಾಲೇ ಇದೆ. 2003ರಿಂದ ಸಾಫ್ಟ್‌ವೇರ್ ಕಂಪನಿಗಳಿಗೆ ಎಂಜಿನಿಯರುಗಳನ್ನು ಹುಡುಕಿಕೊಡುತ್ತ ಬಂದಿರುವ ಮೈಸೂರು ಕಡೆಯ ಹೆಣ್ಣುಮಗಳೊಬ್ಬರು ಅವುಗಳಲ್ಲಿ ಒಂದನ್ನೂ ಎಸೆದಿಲ್ಲ. ಪ್ರತಿ ಪುಟದಲ್ಲೂ ಹೆಸರು, ಅನುಭವ, ಈಗಿನ ಸಂಬಳ, ಕೇಳುವ ಸಂಬಳ. ಕೊನೆಯಲ್ಲಿ, ಎಷ್ಟು ದಿನಕ್ಕೆ ಬಂದು ಸೇರಬಲ್ಲರು ಎಂಬ ಕಾಲಂ. ಮೊದಲ ಡೈರಿಗಳಲ್ಲಿ ಆ ಕಾಲಂ ತುಂಬ ಕಾಣುವುದು 30. ಮುಂದಿನವುಗಳಲ್ಲಿ 60. ಹತ್ತು ವರ್ಷ ಕಳೆಯುವ ಹೊತ್ತಿಗೆ ಪುಟಗಟ್ಟಲೆ 90.

ಒಂದು ತಿಂಗಳ ನೋಟಿಸ್ ಇದ್ದಾಗ ಚೌಕಾಸಿಗೆ ಜಾಗವೇ ಇರಲಿಲ್ಲ. ಹುಡುಗರು ಪೇಪರ್ ಹಾಕುತ್ತಿದ್ದರು, ತಿಂಗಳು ಮುಗಿಸುತ್ತಿದ್ದರು, ಸೋಮವಾರ ಹೊಸ ಕಡೆ ಹೋಗುತ್ತಿದ್ದರು. ಪ್ರಾಜೆಕ್ಟಿನ ಮಧ್ಯೆ ಜನ ಎದ್ದುಹೋದರೆ ಗ್ರಾಹಕರಿಗೆ ಏನು ಹೇಳುವುದು ಎಂಬ ಚಿಂತೆಯಿಂದ ದೊಡ್ಡ ಸೇವಾ ಕಂಪನಿಗಳು ಅವಧಿಯನ್ನು ಮೂರು ತಿಂಗಳಿಗೆ ಎಳೆದವು. ಅದರ ಫಲವನ್ನು ಈ ಕಚೇರಿ ದಿನವೂ ಉಂಡಿತು. ಒಂದು ಆಫರ್ ಕೈಯಲ್ಲಿಟ್ಟುಕೊಂಡು 90 ದಿನ ಕಾಯುವವರಿಗೆ ಎರಡನೆಯದು, ಮೂರನೆಯದು ಸಿಗುತ್ತಿತ್ತು. ಸೇರಬೇಕಾದ ಬೆಳಗ್ಗೆ ಫೋನ್ ಸ್ವಿಚ್ ಆಫ್. ಕಾದು ಕಾದು ಕೈಸುಟ್ಟುಕೊಂಡ ಹೊಸ ಕಂಪನಿಗಳೇ ಕೊನೆಗೆ, ‘ಬೇಗ ಬರಲಿ, ಉಳಿದ ದಿನಗಳ ಹಣ ನಾವು ಕೊಡುತ್ತೇವೆ’ ಎಂದವು. ಬೈಔಟ್ ಎಂಬ ಪದ ಡೈರಿಯೊಳಗೆ ಬಂದದ್ದು ಹಾಗೆ.

ಹಣ ಕಟ್ಟಿದರೆ ಬಿಡುಗಡೆ ಸಿಕ್ಕೇಬಿಡುತ್ತದೆ ಎಂದು ಮೊದಮೊದಲು ಎಲ್ಲರೂ ನಂಬಿದ್ದರು. 2016ರಲ್ಲಿ ಒಬ್ಬ ಹುಡುಗ ಲೆಕ್ಕ ಹಾಕಿ ಚೆಕ್ ಬರೆದು, ಎಚ್‌ಆರ್ ಮೇಜಿನ ಮೇಲಿಟ್ಟು ಹೊರಟುಬಂದ. ಒಪ್ಪಂದದಲ್ಲಿ ಒಂದು ಸಾಲಿತ್ತು: ಅವಧಿಯನ್ನು ಕಡಿಮೆ ಮಾಡುವುದು ಕಂಪನಿಯ ವಿವೇಚನೆಗೆ ಬಿಟ್ಟದ್ದು. ಚೆಕ್ ವಾಪಸ್ ಬಂತು, ರಿಲೀವಿಂಗ್ ಲೆಟರ್ ಬರಲಿಲ್ಲ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನೂ ಹಳೆಯ ಕಂಪನಿ ತುಂಬಲಿಲ್ಲ. ಆಗ ಅದನ್ನು ನೌಕರನೇ ತುಂಬಿಕೊಳ್ಳುವ ಅನುಕೂಲವೂ ಇರಲಿಲ್ಲ. ಯಾರನ್ನೂ ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳಲು ನ್ಯಾಯಾಲಯ ಆದೇಶಿಸುವುದಿಲ್ಲ, ಅದು ನಿಜ. ಆದರೆ ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯವರಿಗೆ ಬೇಕಾದದ್ದು ಕಾನೂನಿನ ಮಾತಲ್ಲ, ಆ ಒಂದು ಹಾಳೆ. ಅದಿಲ್ಲದೆ ಆ ಹುಡುಗನ ಕೆಲಸ ಕೈತಪ್ಪಿತು. ಅಂದಿನಿಂದ ಈ ಕಚೇರಿಯಲ್ಲಿ ಮೊದಲು ಕೇಳುವುದು ಹಣವನ್ನಲ್ಲ, ದಿನಾಂಕವನ್ನು.

2022ರ ಆರಂಭದಲ್ಲಿ ದಾವಣಗೆರೆಯ ಹುಡುಗಿಯೊಬ್ಬಳು ಬಂದಾಗ ಬೆಂಗಳೂರಿನ ಮಾರುಕಟ್ಟೆ ಉಕ್ಕುತ್ತಿತ್ತು. ಆ ವರ್ಷದ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ತಾನೇ ಪ್ರಕಟಿಸಿದಂತೆ, ನೌಕರರು ಬಿಟ್ಟುಹೋಗುವ ಪ್ರಮಾಣ ಶೇಕಡ 28.4ಕ್ಕೆ ಮುಟ್ಟಿತ್ತು. ಹುಡುಗಿಗೆ ಆರು ವರ್ಷದ ಅನುಭವ, ತಿಂಗಳಿಗೆ 1,20,000 ರೂಪಾಯಿ ಒಟ್ಟು ಸಂಬಳ, ಅದರಲ್ಲಿ ಬೇಸಿಕ್ 48,000. ನೋಟಿಸ್ 90 ದಿನ. ಹೊಸ ಕಂಪನಿಗೆ ಅವಳು ಮಾರ್ಚ್‌ನಲ್ಲೇ ಬೇಕು.

‘ನೋಡಮ್ಮ, ದುಡ್ಡಿನ ಮಾತು ಈಗಲೇ ತೆಗೀಬೇಡ. ನಿನ್ನ ಕೆಲಸ ಯಾರು ನೋಡ್ಕೋತಾರೆ ಅಂತ ಮೊದಲು ಬರೆದು ಕೊಡು’ ಎಂದರು ಕಚೇರಿಯ ಮೇಡಂ. ಹುಡುಗಿ ತನ್ನ ಕೈಲಿದ್ದ ಕೆಲಸಗಳನ್ನೆಲ್ಲ ಪಟ್ಟಿ ಮಾಡಿದಳು. ಯಾವುದು ಐದನೇ ವಾರದೊಳಗೆ ಮುಗಿಯುತ್ತದೆ, ಯಾವುದನ್ನು ತಂಡದ ಯಾರಿಗೆ ಕಲಿಸಿ ಹೋಗಬಹುದು ಎಂದು ಎದುರಿಗೆ ಬರೆದಳು. ಫೆಬ್ರವರಿ 1ರಂದು ಪೇಪರ್ ಹಾಕಿದ ದಿನವೇ ಆ ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟು, ಮಾರ್ಚ್ 17ಕ್ಕೆ ಬಿಡಿ ಎಂದು ಕೇಳಿದಳು. ಅಲ್ಲಿಗೆ 45 ದಿನವಾಗುತ್ತದೆ, ಉಳಿದದ್ದು ಇನ್ನು 45. ಮ್ಯಾನೇಜರ್ ಒಂದು ವಾರ ಸುಮ್ಮನಿದ್ದರು, ಸಂಬಳ ಏರಿಸುವ ಆಸೆ ತೋರಿಸಿದರು, ಕೊನೆಗೆ ಒಪ್ಪಿದರು. ಬಾಯಿಮಾತು ಸಾಲದೆಂದು ಎಚ್‌ಆರ್‌ನಿಂದ ಮೇಲ್ ತರಿಸಿಕೊಂಡಳು. ಆಮೇಲಷ್ಟೇ ಲೆಕ್ಕದ ಮಾತು.

ಲೆಕ್ಕದಲ್ಲಿ ಮೊದಲ ಪ್ರಶ್ನೆ, ಉಳಿದ ದಿನಗಳಿಗೆ ಕಟ್ಟಬೇಕಾದದ್ದು ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ ಎಂಬುದು. ಬೇಸಿಕ್ ಆದರೆ ದಿನಕ್ಕೆ 1,600ರಂತೆ 72,000 ರೂಪಾಯಿ. ಒಟ್ಟು ಸಂಬಳವಾದರೆ ದಿನಕ್ಕೆ 4,000, ಅಂದರೆ 1,80,000. ಅವಳ ನೇಮಕಾತಿ ಪತ್ರದಲ್ಲಿ ಬೇಸಿಕ್ ಎಂದಿತ್ತು. ಹೊಸ ಕಂಪನಿಯ ಆಫರ್ ಪತ್ರದಲ್ಲಿ ಆ 72,000 ಮರಳಿಸುವುದಾಗಿ ಒಂದು ಸಾಲು ಸೇರಿತು. ಎಲ್ಲವೂ ಬಗೆಹರಿಯಿತು ಎಂದುಕೊಂಡರು.

ಅಂತಿಮ ಲೆಕ್ಕದ ಹಾಳೆ ಬಂದಾಗ ಮೊತ್ತ 84,960 ಇತ್ತು. 72,000ದ ಮೇಲೆ ಶೇಕಡ 18 ಜಿಎಸ್‌ಟಿ! ನೌಕರ ಬೇಗ ಹೋಗುವುದನ್ನು ಕಂಪನಿ ಸಹಿಸಿಕೊಳ್ಳುವುದೂ ಒಂದು ಸೇವೆ, ಆದ್ದರಿಂದ ತೆರಿಗೆ ಎಂಬ ವಾದ ಆಗ ಚಾಲ್ತಿಯಲ್ಲಿತ್ತು. ಗುಜರಾತಿನ ಮುಂಗಡ ತೀರ್ಪು ಪ್ರಾಧಿಕಾರವೊಂದು ಅದನ್ನು ಒಪ್ಪಿಯೂ ಇತ್ತು. ದುಡಿಯುವವರ ಮೇಲೆ ಬಿದ್ದ ಈ ಹೊರೆ ಅನ್ಯಾಯದ್ದೇ ಆಗಿತ್ತು. ಹುಡುಗಿ ಒಪ್ಪಿದಳು, ಒಪ್ಪದಿದ್ದರೆ ರಿಲೀವಿಂಗ್ ಲೆಟರ್ ಇಲ್ಲ.

ಎರಡನೆಯ ಪೆಟ್ಟು ಹೊಸ ಕಂಪನಿಯ ಸಂಬಳದ ಚೀಟಿಯಲ್ಲಿತ್ತು. ಮರಳಿ ಬಂದ 72,000 ಸಂಬಳದ ಭಾಗವಾಗಿಯೇ ಬಂತು, ಹಾಗಾಗಿ ಅದಕ್ಕೂ ಆದಾಯ ತೆರಿಗೆ. ಶೇಕಡ 30ರ ಹಂತದಲ್ಲಿದ್ದ ಅವಳಿಗೆ ಸೆಸ್ ಸೇರಿ ಶೇಕಡ 31.2, ಅಂದರೆ 22,464 ಕಡಿತ. ಕೈಗೆ ಸಿಕ್ಕದ್ದು 49,536. ಕಟ್ಟಿದ್ದು 84,960. ಒಂದು ರೂಪಾಯಿಯೂ ಖರ್ಚಾಗುವುದಿಲ್ಲ ಎಂದುಕೊಂಡಿದ್ದ ಬದಲಾವಣೆಗೆ 35,424 ಕೈಯಿಂದ ಹೋಗಿತ್ತು. ಆ ಸಂಜೆ ಕಚೇರಿಗೆ ಬಂದು ಕುಳಿತ ಹುಡುಗಿಯ ಮುಖ ಮೇಡಂಗೆ ಇನ್ನೂ ನೆನಪಿದೆ. ಆಫರ್ ಪತ್ರದ ಆ ಸಾಲನ್ನು ಬರೆಸಿದವರು ಅವರೇ.

ಆಗಸ್ಟ್ 3ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿತು: ನೋಟಿಸ್ ಹಣ ಯಾವ ಸೇವೆಗೂ ಕೊಡುವ ಬೆಲೆಯಲ್ಲ, ಒಪ್ಪಂದ ಮುರಿಯದಿರಲಿ ಎಂದು ಇಟ್ಟ ದಂಡ; ಅದಕ್ಕೆ ಜಿಎಸ್‌ಟಿ ಇಲ್ಲ. ಐದು ತಿಂಗಳು ತಡ. ಹುಡುಗಿ ಹಳೆಯ ಕಂಪನಿಗೆ ಬರೆದಳು. ತೆರಿಗೆ ಆಗಲೇ ಸರ್ಕಾರಕ್ಕೆ ಸಂದಾಯವಾಗಿದೆ ಎಂಬ ಉತ್ತರ ಬಂತು.

ಆದಾಯ ತೆರಿಗೆಯಲ್ಲಿ ಇನ್ನೊಂದು ಎಳೆಯಿತ್ತು. ಹಳೆಯ ಕಂಪನಿ ನೋಟಿಸ್ ಹಣವನ್ನು ಸಂಬಳದಿಂದಲೇ ಮುರಿದುಕೊಂಡಿದ್ದರೂ ಫಾರ್ಮ್ 16ರಲ್ಲಿ ಪೂರ್ತಿ ಸಂಬಳವನ್ನೇ ತೋರಿಸಿತ್ತು. ಕೈಗೆ ಬಾರದ ಹಣಕ್ಕೆ ತೆರಿಗೆ ಬೇಡವೆಂದು 2017ರಲ್ಲಿ ಅಹಮದಾಬಾದಿನ ಆದಾಯ ತೆರಿಗೆ ನ್ಯಾಯಮಂಡಳಿ ಒಬ್ಬ ನೌಕರರ ಪರವಾಗಿ ತೀರ್ಪು ಕೊಟ್ಟಿತ್ತು. ಆದರೆ ಫಾರ್ಮ್ 16ಕ್ಕೂ ರಿಟರ್ನ್‌ಗೂ ತಾಳೆಯಾಗದಿದ್ದರೆ ಇಲಾಖೆಯಿಂದ ಪ್ರಶ್ನೆ ಬರಬಹುದು, ಅದಕ್ಕೆ ಉತ್ತರಿಸುವ ಕೆಲಸ ನೌಕರರದೇ. ಹುಡುಗಿ ಆ ದಾರಿ ಹಿಡಿಯಲಿಲ್ಲ.

ಮೇಡಂ ತಮ್ಮ ಪದ್ಧತಿಯನ್ನೇ ಬದಲಿಸಿದರು. ‘72,000 ಮರಳಿಸುತ್ತೇವೆ’ ಎಂಬ ಸಾಲಿನ ಬದಲು ‘ತೆರಿಗೆ ಕಳೆದು 72,000 ಕೈಗೆ ಸಿಗುವಂತೆ ಕೊಡುತ್ತೇವೆ’ ಎಂದು ಬರೆಸಲು ಹಟ ಹಿಡಿದರು. ಅದಕ್ಕೆ ಹೊಸ ಕಂಪನಿ ಸುಮಾರು 1,04,650 ತೆಗೆದಿಡಬೇಕು. ಕೆಲವು ಕಂಪನಿಗಳು ಒಪ್ಪಿದವು, ಕೆಲವು ಅರ್ಧಕ್ಕೆ ಬಂದವು, ಕೆಲವು ಬೇರೆ ಹುಡುಗರನ್ನು ನೋಡುತ್ತೇವೆ ಎಂದವು. 2023ರಲ್ಲಿ ನೇಮಕಾತಿ ತಣ್ಣಗಾದ ಮೇಲೆ ಒಪ್ಪುವವರು ಕಡಿಮೆಯಾದರು. ಕೊಡುವವರೂ ಮೊತ್ತಕ್ಕೆ ಮಿತಿ ಹಾಕಿದರು, ವರ್ಷದೊಳಗೆ ಬಿಟ್ಟರೆ ಹಣ ಹಿಂತಿರುಗಿಸಬೇಕೆಂಬ ಸಾಲು ಸೇರಿಸಿದರು.

ಈಗಿನ ಡೈರಿಯ ಪುಟ ಅಗಲವಾಗಿದೆ. 90ರ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಎಳೆದಿದ್ದಾರೆ: ಬಿಡುಗಡೆಯ ಮೇಲ್ ಬಂದ ದಿನಾಂಕ, ಲೆಕ್ಕ ಬೇಸಿಕ್ ಮೇಲೋ ಒಟ್ಟಿನ ಮೇಲೋ, ತೆರಿಗೆ ಕಳೆದು ಕೈಗೆ ಬರುವ ಮೊತ್ತ. ಕಳೆದ ಬಾರಿ ದಾವಣಗೆರೆಯ ಹುಡುಗಿ ಫೋನ್ ಮಾಡಿದ್ದು ತನಗಾಗಿ ಅಲ್ಲ, ತಮ್ಮನಿಗಾಗಿ. ಅವನಿಗೆ ಆಫರ್ ಬಂದಿತ್ತು. ಮೇಡಂ ಬಾಯಿ ತೆರೆಯುವ ಮೊದಲೇ ಅವಳೇ ಆ ಮೂರು ಕಾಲಮ್ಮಿಗೂ ಉತ್ತರ ಓದಿ ಹೇಳಿದಳು.