'ಮಾಡ್ಬೇಕು' ಅನ್ನೋ ಪದಕ್ಕೆ ಕರ್ತೃ ಇಲ್ಲ

ಕನ್ನಡದ 'ಮಾಡ್ಬೇಕು' ಎಷ್ಟು ಜಾಣ ಪದ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ನಾನು ಮಾಡ್ಬೇಕು, ನೀನು ಮಾಡ್ಬೇಕು, ಅವರು ಮಾಡ್ಬೇಕು.. ಯಾರು ಬಂದರೂ ಪದ ಒಂಚೂರೂ ಬದಲಾಗೋದಿಲ್ಲ. ಮುಂದಿನ 'ನಾನು', 'ನೀನು' ಕಿತ್ತು ಹಾಕಿದರೆ ಯಾರು ಮಾಡ್ಬೇಕು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಅದೇ 'ಮಾಡ್ತೀನಿ' ಅನ್ನಿ, ತಕ್ಷಣ ಸಿಕ್ಕಿಬೀಳ್ತೀರಿ!

ನಮ್ಮ ಆಫೀಸಿನ ಮೀಟಿಂಗುಗಳೆಲ್ಲ ಈ 'ಮಾಡ್ಬೇಕು' ಮೇಲೇ ನಡೆಯೋದು. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಮಧ್ಯೆ ಒಂದಿಷ್ಟು ಹಿಂದಿ. "ಡೇಟಾ ಚೆಕ್ ಮಾಡ್ಬೇಕು", "ಕಸ್ಟಮರಿಗೆ ಹೇಳ್ಬೇಕು", "ಅದೊಂದು ನೋಡ್ಬೇಕು". ಎಲ್ಲರೂ ತಲೆ ಆಡಿಸ್ತಾರೆ, ಕಾಫಿಗೆ ಎದ್ದು ಹೋಗ್ತಾರೆ. ಎರಡು ದಿನ ಬಿಟ್ಟು "ಅದು ಏನಾಯ್ತು?" ಅಂದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ.

ಮೀಟಿಂಗ್ ಮುಗಿದ ಮೇಲೆ ಎಲ್ಲರಿಗೂ ಸಾರಾಂಶದ ಮೇಲ್ ಕಳಿಸೋ ಕೆಲಸ ನನ್ನ ಪಾಲಿಗೆ ಬಂದು ಮೂರು ವರ್ಷ ಆಯ್ತು. ಅದನ್ನ ಗುಮಾಸ್ತೆ ಕೆಲಸ ಅಂತ ನಗೋರು ಇದ್ದಾರೆ, ಇರಲಿ ಬಿಡಿ. ಆ ಮೇಲ್ ಬರೆಯೋದು ಅಂದ್ರೆ ಇಷ್ಟೇ: ಪ್ರತಿಯೊಂದು 'ಮಾಡ್ಬೇಕು'ವನ್ನೂ 'ಇಂಥವರು ಇಂಥ ಹೊತ್ತಿಗೆ ಮಾಡ್ತಾರೆ' ಅಂತ ತಿರುಗಿಸೋದು. ತಿರುಗಿಸೋಕೆ ಆಗದೇ ಉಳಿದದ್ದು ತೀರ್ಮಾನ ಆಗಿಲ್ಲ ಅಂತಲೇ ಅರ್ಥ.

ಒಂದು ಉದಾಹರಣೆ ಕೊಡ್ತೀನಿ. ನಮ್ಮ ಗ್ರಾಹಕರ ರಿಪೋರ್ಟುಗಳೆಲ್ಲ ಹಳೇ ಸರ್ವರಿನಿಂದ ಹೊಸದಕ್ಕೆ ಹೋಗಬೇಕಿತ್ತು. ಒಂದು ಗುರುವಾರ ಎಂಟು ಜನ, ಮುಕ್ಕಾಲು ಗಂಟೆ ಮೀಟಿಂಗ್. ಇಬ್ಬರು ಕ್ಯಾಲಿಫೋರ್ನಿಯಾದಿಂದ ಫೋನಿನಲ್ಲಿ. ಮುಗಿದ ಅರ್ಧ ಗಂಟೆಯಲ್ಲಿ ಹೋದ ಮೇಲನ್ನ ಕನ್ನಡಕ್ಕೆ ಇಳಿಸಿದ್ರೆ ಹೀಗಿರತ್ತೆ (ಹೆಸರುಗಳ ಬದಲು ಕೆಲಸ ಹಾಕಿದ್ದೀನಿ):

ವಿಷಯ: ರಿಪೋರ್ಟ್ ಸರ್ವರ್ ಬದಲಾವಣೆ, 12ನೇ ತಾರೀಖಿನ ಮೀಟಿಂಗ್: 2 ತೀರ್ಮಾನ, 3 ಕೆಲಸ, 1 ಬಾಕಿ

ತೀರ್ಮಾನ
1. ಹೊಸ ಸರ್ವರಿಗೆ ಬದಲಾಯಿಸೋದು 17, ಮಂಗಳವಾರ, ಭಾರತದ ಸಮಯ ಬೆಳಿಗ್ಗೆ 11ಕ್ಕೆ. 13ರ ಶುಕ್ರವಾರ ಬೇಡ ಅಂತಾಯ್ತು, ಯಾಕಂದ್ರೆ ಏನಾದ್ರೂ ಕೆಟ್ಟರೆ ಶನಿವಾರ ಸರಿ ಮಾಡೋಕೆ ಜನ ಇರೋದಿಲ್ಲ.
2. ಹಳೇ ಸರ್ವರನ್ನ 31ರ ತನಕ ಆರಿಸೋದಿಲ್ಲ.

ಕೆಲಸ
1. ಗ್ರಾಹಕರಿಗೆ ಮುನ್ಸೂಚನೆ: ನಮ್ಮ ಮ್ಯಾನೇಜರ್, ಶುಕ್ರವಾರ 13, ಸಂಜೆ 4.
2. ಡೇಟಾ ನಕಲು ಮಾಡಿ, ಎರಡೂ ಕಡೆ ಪ್ರತಿ ಟೇಬಲ್ಲಿನ ಸಾಲುಗಳ ಲೆಕ್ಕ ಒಂದೇ ಇದೆ ಅಂತ ತೋರಿಸೋದು: ಡೇಟಾಬೇಸ್ ಮಾಣಿ, ಸೋಮವಾರ 16, ಸಂಜೆ 5.
3. ಹೊಸ ಸರ್ವರಿನಲ್ಲಿ ಹತ್ತು ಮುಖ್ಯ ರಿಪೋರ್ಟುಗಳ ಪರೀಕ್ಷೆ: ಟೆಸ್ಟಿಂಗ್ ಹುಡುಗಿ, ಮಂಗಳವಾರ 17, ಮಧ್ಯಾಹ್ನ 3.

ಬಾಕಿ
1. ರಾತ್ರಿ ಹೋಗೋ ರಿಪೋರ್ಟುಗಳು ಹಳೇ ಮೇಲ್ ವಿಳಾಸದಿಂದ ಹೋಗಬೇಕಾ, ಹೊಸದರಿಂದಲಾ? ಕ್ಯಾಲಿಫೋರ್ನಿಯಾದ ಮುಖ್ಯಸ್ಥರು ಮಂಗಳವಾರ ಬೆಳಿಗ್ಗೆ 8ರೊಳಗೆ (ಅವರಿಗೆ ಸೋಮವಾರ ಸಂಜೆ) ಹೇಳ್ತಾರೆ. ಹೇಳದಿದ್ದರೆ ಹಳೇ ವಿಳಾಸವೇ.

ಇಷ್ಟೇ ಮೇಲ್. ಯಾರು ಏನು ವಾದ ಮಾಡಿದ್ರು ಅನ್ನೋ ಪುರಾಣ ಇದರಲ್ಲಿಲ್ಲ.

ಒಂದೊಂದು ಕೆಲಸಕ್ಕೂ ಒಂದೇ ಹೆಸರು ಇರೋದು ಗಮನಿಸಿ. ಎರಡನೇ ಕೆಲಸ ಮೀಟಿಂಗಿನಲ್ಲಿ ಹುಟ್ಟಿದ್ದು "ಟೀಮಿನೋರು ಡೇಟಾ ಚೆಕ್ ಮಾಡ್ಬೇಕು" ಅಂತ. 'ಟೀಮ್' ಅಂತ ಬರೆದರೆ ಯಾರೂ ಮಾಡಲ್ಲ, ಇಬ್ಬರ ಹೆಸರು ಬರೆದರೆ ಅವನು ಮಾಡ್ತಾನೆ ಅಂತ ಇವನು, ಇವನು ಮಾಡ್ತಾನೆ ಅಂತ ಅವನು. ಸಹಾಯಕ್ಕೆ ಹತ್ತು ಜನ ಬರಲಿ, ಕೇಳಿದಾಗ ಉತ್ತರ ಕೊಡೋನು ಒಬ್ಬನೇ ಇರಬೇಕು. ಆ ಒಬ್ಬ ಮೀಟಿಂಗಿಗೆ ಬಂದಿಲ್ಲ ಅಂದ್ರೆ ಮೇಲ್ ಕಳಿಸೋ ಮೊದಲು ಫೋನ್ ಮಾಡಿ ಕೇಳಬೇಕು. ಇಲ್ಲದೇ ಇದ್ದೋರ ತಲೆಗೆ ಕೆಲಸ ಕಟ್ಟಿದರೆ ಅವರು ಆ ಮೇಲನ್ನ ಓದಿದ್ರೂ ಓದಿಲ್ಲ ಅಂತಾರೆ, ತಪ್ಪೂ ಅಲ್ಲ.

ಇನ್ನೊಂದು, ಕೆಲಸ ಮುಗೀತು ಅಂತ ಹೇಗೆ ಗೊತ್ತಾಗತ್ತೆ ಅನ್ನೋದು. 'ಡೇಟಾ ಚೆಕ್' ಅಂದ್ರೆ ಒಂದು ಸಲ ಕಣ್ಣಾಡಿಸಿದ್ರೂ ಚೆಕ್ಕೇ. 'ಸಾಲುಗಳ ಲೆಕ್ಕ ಒಂದೇ ಇದೆ ಅಂತ ತೋರಿಸೋದು' ಅಂದ್ರೆ ಮುಗಿದಿದೆಯೋ ಇಲ್ಲವೋ ಅಂತ ಯಾರು ಬೇಕಾದ್ರೂ ಹೇಳಬಹುದು. ಮತ್ತೆ ಹೊತ್ತು! 'ಶುಕ್ರವಾರ ಇಒಡಿ' ಅಂತ ಬರೆದು ಸುಮ್ಮನಾದ್ರೆ ಕ್ಯಾಲಿಫೋರ್ನಿಯಾದವರ ಶುಕ್ರವಾರ ಸಂಜೆ 6 ಅಂದ್ರೆ ನಮಗೆ ಶನಿವಾರ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಒಬ್ಬರ ವಾಯಿದೆ ಇನ್ನೊಬ್ಬರ ವಾರಾಂತ್ಯ ತಿನ್ನತ್ತೆ.

ಮೊದಲ ತೀರ್ಮಾನದಲ್ಲಿ 'ಶುಕ್ರವಾರ ಬೇಡ ಅಂತಾಯ್ತು, ಯಾಕಂದ್ರೆ..' ಅಂತ ಇದೆಯಲ್ಲ, ಅದನ್ನ ನೋಡಿ ಪಕ್ಕದಲ್ಲಿದ್ದ ಗೆಳೆಯ "ಆಗದೇ ಇರೋದನ್ನ ಯಾಕೋ ಬರೀತೀಯ?" ಅಂದಿದ್ದ. ಮಾರನೇ ದಿನ ಬೆಳಿಗ್ಗೆ ಉತ್ತರ ಸಿಕ್ತು. ಫೋನಿನಲ್ಲಿದ್ದ ಇಬ್ಬರಲ್ಲಿ ಒಬ್ಬರು ಸೀದಾ ಟೆಸ್ಟಿಂಗ್ ಹುಡುಗಿಗೆ ಮೆಸೇಜ್ ಮಾಡಿದ್ರು: ಇವತ್ತು ರಾತ್ರಿ ಬದಲಾಯಿಸೋದು ಅಂತ ಎಲ್ಲರೂ ಒಪ್ಪಿದ್ದಾರೆ, ನೀವು ರಾತ್ರಿ ಇರಬೇಕಾಗತ್ತೆ.

ಆಕೆ ಕೆಲಸಕ್ಕೆ ಸೇರಿ ಐದು ತಿಂಗಳು. ಅಕ್ಕನ ನಿಶ್ಚಿತಾರ್ಥಕ್ಕೆ ಅಂತ ಆ ರಾತ್ರಿ ಒಂಬತ್ತೂವರೆಯ ಶಿರಸಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದಳು. ಸಮುದ್ರದಾಚೆಯ ಸಾಹೇಬರಿಗೆ "ಇಲ್ಲ ಸಾರ್, ನೀವು ಹೇಳ್ತಿರೋದು ತಪ್ಪು" ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ಟಿಕೆಟ್ ಕ್ಯಾನ್ಸಲ್ ಮಾಡೋ ಯೋಚನೆಯಲ್ಲೇ ಇದ್ದಳಂತೆ. ಆಮೇಲೆ ಹಿಂದಿನ ದಿನದ ಮೇಲನ್ನ ಹಾಗೇ ಅವರಿಗೆ ಫಾರ್ವರ್ಡ್ ಮಾಡಿ, "ದಯವಿಟ್ಟು ಮೊದಲ ಸಾಲು ನೋಡಿ" ಅಂತ ಬರೆದಳು. ಹತ್ತೇ ನಿಮಿಷದಲ್ಲಿ ಬಂತು: "ಹೌದು, ಮಂಗಳವಾರ. ಕ್ಷಮಿಸಿ."

ಅವರೇನು ಸುಳ್ಳುಗಾರರಲ್ಲ. ಮೀಟಿಂಗಿನ ಮೊದಲ ಇಪ್ಪತ್ತು ನಿಮಿಷ ನಾವು ಶುಕ್ರವಾರದ ಬಗ್ಗೆಯೇ ಮಾತಾಡಿದ್ವಿ, ಮಂಗಳವಾರ ಅಂತ ಆಗಿದ್ದು ಕೊನೆಯ ಎರಡು ನಿಮಿಷದಲ್ಲಿ. ಹೆಚ್ಚು ಹೊತ್ತು ಮಾತಾಡಿದ್ದೇ ಅವರ ತಲೆಯಲ್ಲಿ ಉಳಿದಿತ್ತು, ಅಷ್ಟೆ. ಬರೀ 'ಮಂಗಳವಾರ' ಅಂತಿದ್ದಿದ್ರೆ ಟೈಪಿಂಗ್ ತಪ್ಪು ಅಂದುಬಿಡಬಹುದಿತ್ತು. ಬೇಡ ಅಂದಿದ್ದೂ, ಅದರ ಕಾರಣವೂ ಜೊತೆಗಿದ್ದಾಗ ಅವರಿಗೇ ನೆನಪಾಯ್ತು. ಅದಕ್ಕೇ ಈಗ ಕೊನೆಯ ಐದು ನಿಮಿಷ ಬರೆದಿದ್ದನ್ನೆಲ್ಲ ಗಟ್ಟಿಯಾಗಿ ಓದಿಬಿಡ್ತೀನಿ. "ಏಯ್, ನಾನ್ಯಾವಾಗ ಒಪ್ಕೊಂಡೆ?" ಅನ್ನೋ ಜಗಳ ಆಗೋದಿದ್ರೆ ಅಲ್ಲೇ ಆಗಲಿ.

ಇದಕ್ಕೂ ಮಿತಿ ಇದೆ ಅನ್ನಿ. ವಾಯಿದೆ ಬದಲಾದ್ರೆ ಅದೇ ಮೇಲಿಗೆ ರಿಪ್ಲೈ ಮಾಡಿ 'ಸೋಮವಾರ ಇದ್ದದ್ದು ಬುಧವಾರ ಆಯ್ತು, ಕಾರಣ ಇದು' ಅಂತ ಬರೀದೇ ಹೋದ್ರೆ ವಾರದಲ್ಲೇ ಆ ಮೇಲ್ ಹಳೇ ಪಂಚಾಂಗ. ಉತ್ತರ ಬರಲಿಲ್ಲ ಅಂದ್ರೆ ಒಪ್ಪಿಗೆ ಅಂತಲೂ ಅಲ್ಲ, ಓದದೇ ಇರಬಹುದು. ಬಾಕಿ ಪಟ್ಟಿಯಲ್ಲಿ 'ಹೇಳದಿದ್ದರೆ ಹಳೇ ವಿಳಾಸವೇ' ಅಂತ ಹಾಕಬಹುದು, ಯಾಕಂದ್ರೆ ಅದರಿಂದ ಏನೂ ಬದಲಾಗಲ್ಲ. 'ಹೇಳದಿದ್ದರೆ ಹಳೇ ಸರ್ವರ್ ಆರಿಸ್ತೀವಿ' ಅಂತ ಹಾಕೋಹಾಗಿಲ್ಲ ಮಾರಾಯ್ರೇ, ಅದಕ್ಕೆ ಬಾಯಿಬಿಟ್ಟು ಹೂಂ ಅನ್ನಿಸ್ಕೊಂಡೇ ಮುಂದೆ ಹೋಗಬೇಕು.

ನಿಮ್ಮ ಆಫೀಸಿನಲ್ಲಿ ಈ ಮೇಲ್ ಯಾರು ಬರೀತಾರೆ? 'ಯಾರಾದ್ರೂ ಬರೀಬೇಕು' ಅಂತ ಮಾತ್ರ ಹೇಳಬೇಡಿ!