ಪುಣ್ಯಕೋಟಿಯ ವಾಯಿದೆ

ಬ್ಯಾಂಕಿಗೆ ಸೇರಿದ ಹೊಸದರಲ್ಲಿ ದಿನಚರಿ ಬರೆಯುವ ಅಭ್ಯಾಸವಿತ್ತು. ಹೆಚ್ಚಿನ ಪುಟಗಳಲ್ಲಿ ಮೆಸ್ಸಿನ ಲೆಕ್ಕ, ಊರಿಗೆ ಕಳಿಸಿದ ಮನಿಯಾರ್ಡರು, ಕಾಚಿಗುಡದಲ್ಲಿ ರೈಲು ತಡವಾದದ್ದು, ಇಂಥವೇ. ಒಂದು ಪುಟ ಮಾತ್ರ ಬೇರೆ ಥರ ಇದೆ. ತಾರೀಕು 30 ಆಗಸ್ಟ್ 1992, ಭಾನುವಾರ. ಆಗ ನನಗೆ ಇಪ್ಪತ್ನಾಲ್ಕು, ಹೈದರಾಬಾದಿಗೆ ಬಂದು ಎರಡು ವರ್ಷ. ಆವತ್ತು ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಕನ್ನಡ ಪಠ್ಯಪುಸ್ತಕ ಸಿಕ್ಕಿತ್ತು. ಅದರಲ್ಲಿ ಗೋವಿನ ಹಾಡು ಇತ್ತು. ನಮ್ಮ ತಿಪಟೂರು ಕಡೆ ಶಾಲೆಯಲ್ಲಿ ನಾವು ರಾಗವಾಗಿ ಹೇಳುತ್ತಿದ್ದ ಅದೇ ಪದ್ಯ. ಆ ಪುಟವನ್ನು ಇಲ್ಲಿ ಇಳಿಸುತ್ತಿದ್ದೇನೆ. ಅಕ್ಷರ ತಪ್ಪು ಬಿಟ್ಟರೆ ಮತ್ತೇನನ್ನೂ ತಿದ್ದಿಲ್ಲ.

"ಮೇಷ್ಟ್ರು ಈ ಪದ್ಯ ಹೇಳಿಸಿದಾಗ ಕೊನೆಗೆ ಕೇಳುತ್ತಿದ್ದ ಪ್ರಶ್ನೆ ಒಂದೇ, ಇದರಿಂದ ಏನು ಕಲಿತಿರಿ? ನಾವೆಲ್ಲ ಒಟ್ಟಿಗೆ, ಸತ್ಯ ಹೇಳಬೇಕು ಸಾರ್ ಅಂತಿದ್ದೆವು. ಇವತ್ತು ಓದಿದರೆ ಪದ್ಯದಲ್ಲಿ ನನಗೆ ಕಂಡಿದ್ದು ಒಂದು ಸಾಲ. ಹುಲಿಯ ಕೈಯಲ್ಲಿ ಆಸ್ತಿ ಸಿಕ್ಕಿಬಿದ್ದಿದೆ. ಹಸು ಕರುಣೆ ತೋರು, ಬಿಟ್ಟುಬಿಡು ಅಂತ ಕೇಳುವುದಿಲ್ಲ. ವಾಯಿದೆ ಕೇಳುತ್ತದೆ. ಮಗುವಿಗೆ ಹಾಲು ಕೊಟ್ಟು ಬರುತ್ತೇನೆ, ಅಷ್ಟು ಹೊತ್ತು ಕೊಡು. ಹುಲಿಗೆ ಅನುಮಾನ. ಹೋದವಳು ಬರುತ್ತಾಳೆಂದು ಯಾರ ಜಾಮೀನು? ಶಾಲೆಯಲ್ಲಿ ಇದನ್ನು ಓದುವಾಗ ನಾನು ಹಸುವಿನ ಕಡೆ ಇದ್ದೆ. ಈಗ ಕೌಂಟರಿನ ಈಚೆ ಕೂತಿರುವ ನಾನು ಹುಲಿಯ ಕಡೆಯವನು.

"ಬುಧವಾರ ಆ ಟೈಲರಮ್ಮ ಬಂದಿದ್ದಳು. ಹೊಲಿಗೆ ಯಂತ್ರಕ್ಕೆಂದು ಐದು ಸಾವಿರ ಸಾಲ. ಡಿ.ಪಿ. ನೋಟಿಗೆ ಹೆಬ್ಬೆಟ್ಟು ಒತ್ತಿದ್ದು 11 ಸೆಪ್ಟೆಂಬರ್ 1989ರಂದು. ಹತ್ತು ತಿಂಗಳಿಂದ ಕಂತಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾನಂತೆ. ಟೈಮ್ ಚಾಹಿಯೇ ಸಾಬ್ ಅಂದಳು. ಮ್ಯಾನೇಜರು ಒಳಗಿಂದಲೇ, ಟೈಮು ಕೊಡೋಣ, ಮೊದಲು ಲೆಟರಿಗೆ ಹೆಬ್ಬೆಟ್ಟು ತಗೊಳ್ಳಯ್ಯ ಅಂದರು.

"ಹೆಬ್ಬೆಟ್ಟು ಹಾಕುವಾಗ ಅವಳ ಕೈ ನಡುಗಲಿಲ್ಲ. ನನಗೇ ಏನೋ ಒಂಥರಾ ಆಯಿತು."

ದಿನಚರಿ ಇನ್ನೂ ಇದೆ. ನಡುವೆ ಆ ಲೆಟರಿನ ವಿಷಯ ಸ್ವಲ್ಪ ಹೇಳಬೇಕು, ಬ್ಯಾಂಕಿನವರಲ್ಲದವರಿಗೆ ಇದು ತಿಳಿದಿರುವುದಿಲ್ಲ. ಕೇಳಿದಾಗ ಕೊಡುತ್ತೇನೆಂದು ಬರೆದುಕೊಟ್ಟ ಪ್ರಾಮಿಸರಿ ನೋಟಿಗೆ ಮೂರು ವರ್ಷ ಆಯುಸ್ಸು. ಅದು 1963ರ ಕಾಲಮಿತಿ ಕಾಯ್ದೆಯ ಮಾತು. ಮೂರು ವರ್ಷ ದಾಟಿದರೆ ಸಾಲ ಸಾಲವೇ, ಆದರೆ ಅದರ ಮೇಲೆ ಕೋರ್ಟಿನಲ್ಲಿ ದಾವೆ ಹೂಡಲು ಬರುವುದಿಲ್ಲ. ಬ್ರಾಂಚಿನಲ್ಲಿ ಇದಕ್ಕೆ 'ಟೈಮ್ ಬಾರ್' ಅನ್ನುತ್ತೇವೆ. ಆದರೆ ಅವಧಿ ಮುಗಿಯುವ ಮುಂಚೆ ಸಾಲಗಾರ 'ನಾನು ಇಷ್ಟು ಕೊಡಬೇಕಾಗಿರುವುದು ನಿಜ' ಎಂದು ಕಾಗದಕ್ಕೆ ಸಹಿ ಹಾಕಿದರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ. ಒಂದು ದಿನ ತಡವಾದರೂ ಆ ಕಾಗದ ಈ ಕೆಲಸಕ್ಕೆ ಬಾರದು. ಆ ಹೆಂಗಸಿನ ನೋಟು ಮುಗಿಯಲು ಹದಿನಾರು ದಿನ ಉಳಿದಿತ್ತು. ಅಂದರೆ ನೋಡಿ, ಸಮಯ ಕೇಳಲು ಬಂದವಳು ಅವಳು. ಅವಳಿಗೆ ನಾವು ಕೊಟ್ಟಿದ್ದು ಎರಡು ತಿಂಗಳು, ಅವಳ ಹೆಬ್ಬೆಟ್ಟು ನಮಗೆ ಕೊಟ್ಟಿದ್ದು ಮೂರು ವರ್ಷ. ಕಾಗದದಲ್ಲಿರುವುದನ್ನು ತೆಲುಗಿನಲ್ಲಿ ಓದಿ ಹೇಳಿ, ಹೇಳಿದ್ದೇವೆಂದು ಪಕ್ಕದಲ್ಲಿ ಸಾಕ್ಷಿ ಸಹಿಯನ್ನೂ ಹಾಕಿಸಿದೆವು. ನಿಯಮದ ಪ್ರಕಾರ ಎಲ್ಲ ಸರಿಯಾಗಿಯೇ ನಡೆಯಿತು. ಆ ಹುಡುಗ ಭಾನುವಾರದವರೆಗೂ ಹೊತ್ತುಕೊಂಡು ತಿರುಗಿದ್ದು ಈ ಲೆಕ್ಕವನ್ನೇ ಇರಬೇಕು.

ಮುಂದಿನ ಭಾಗ:

"ಹುಲಿ ಯಾವ ಕಾಗದವನ್ನೂ ಬರೆಸಿಕೊಳ್ಳಲಿಲ್ಲ. ಹಾಗಾದರೆ ಏನನ್ನು ನಂಬಿತು? ಆಣೆಯನ್ನು ಅಂತ ಶಾಲೆಯಲ್ಲಿ ಉತ್ತರ ಬರೆದಿದ್ದೆ. ಆದರೆ ಆಣೆ ಎಲ್ಲರೂ ಇಡುತ್ತಾರೆ. ಹೋದ ತಿಂಗಳು ಒಬ್ಬ ಸ್ಕೂಟರ್ ಸಾಲದವನು ಮಕ್ಕಳ ತಲೆ ಮೇಲೆ ಆಣೆ ಇಟ್ಟು ಹೋದ, ಮತ್ತೆ ಮುಖ ತೋರಿಸಿಲ್ಲ. ಆಮೇಲೆ ಪದ್ಯದ ಮಧ್ಯಭಾಗ ಓದಿದೆ. ಶಾಲೆಯಲ್ಲಿ ಈ ಭಾಗವನ್ನು ಬೇಗ ಬೇಗ ಹೇಳಿ ಮುಗಿಸುತ್ತಿದ್ದೆವು, ಹುಲಿ ಸಾಯುವ ಜಾಗಕ್ಕೆ ಹೋಗುವ ಅವಸರ. ಪುಣ್ಯಕೋಟಿ ದೊಡ್ಡಿಗೆ ಬಂದು ಬರೀ ಹಾಲು ಕೊಟ್ಟು ಅತ್ತು ಹೊರಡುವುದಿಲ್ಲ. ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು ಕರುವನ್ನು ಒಪ್ಪಿಸುತ್ತಾಳೆ. ಎದುರಿಗೆ ಸಿಕ್ಕರೆ ಕೊಂಬು ತಾಗಿಸಬೇಡಿ, ಹಿಂದೆ ಸುಳಿದರೆ ಕಾಲು ಬೀಸಬೇಡಿ ಅನ್ನುವಷ್ಟು ಸಣ್ಣ ಸಣ್ಣದನ್ನೂ ಹೇಳುತ್ತಾಳೆ. ಮಾತು ಉಳಿಸಿಕೊಳ್ಳುವವಳು ಮಾಡಿಕೊಳ್ಳುವ ಏರ್ಪಾಟು ಇದು. ತಪ್ಪಿಸಿಕೊಳ್ಳುವವಳಿಗೆ ಇದೆಲ್ಲ ಯಾಕೆ ಬೇಕು?

"ಟೈಲರಮ್ಮನೂ ಆಣೆ ಇಡಲಿಲ್ಲ. ದಸರೆಗೆ ಒಂದು ಶಾಲೆಯ ಯೂನಿಫಾರ್ಮ್ ಆರ್ಡರಿದೆ, ಅರ್ಧ ದುಡ್ಡು ಬಟ್ಟೆಗೆ ಹೋಗುತ್ತದೆ, ಉಳಿದದ್ದರಲ್ಲಿ ಇಷ್ಟು ಕಟ್ಟುತ್ತೇನೆ, ಅಲ್ಲಿಯವರೆಗೆ ಆಸ್ಪತ್ರೆಗೆ ತಂಗಿ ಊಟ ಒಯ್ಯುತ್ತಾಳೆ ಅಂದಳು. ಇವಳು ಬರುತ್ತಾಳೆ ಅನ್ನಿಸುತ್ತದೆ. ನೋಡೋಣ."

ದಿನಚರಿ ಅಲ್ಲಿಗೆ ನಿಂತಿದೆ. ಇಪ್ಪತ್ನಾಲ್ಕರ ಹುಡುಗನಿಗೆ ಅಷ್ಟು ಹೊಳೆದದ್ದು ಕಡಿಮೆಯೇನಲ್ಲ. ಮುಂದೆ ಹಲವು ಬ್ರಾಂಚುಗಳಲ್ಲಿ ಸಾಲದ ಸೀಟಿನಲ್ಲಿ ಕೂತಾಗ ನನ್ನ ಕಿವಿ ಹುಡುಕಿದ್ದು ಅದನ್ನೇ. 'ಗ್ಯಾರಂಟಿ ಕಟ್ತೀನಿ ಸಾರ್' ಅನ್ನುವವನಿಗಿಂತ, ದುಡ್ಡು ಯಾವ ದಿನ, ಯಾರಿಂದ ಬರುತ್ತದೆ, ಅದರಲ್ಲಿ ಮನೆಗೆಷ್ಟು, ನಮಗೆಷ್ಟು ಎಂದು ಲೆಕ್ಕ ಒಪ್ಪಿಸುವವನನ್ನು ಹೆಚ್ಚು ನಂಬುತ್ತಿದ್ದೆ. ಇದೂ ಸೋಲುತ್ತದೆ. ಮಳೆ ಕೈಕೊಟ್ಟರೆ, ಆರ್ಡರು ರದ್ದಾದರೆ ಎಂಥ ಏರ್ಪಾಟೂ ಮುರಿಯುತ್ತದೆ. ಆದರೆ ಏರ್ಪಾಟು ಮಾಡಿದ್ದವನು ಮುರಿದ ಮೇಲೂ ಬ್ರಾಂಚಿಗೆ ಬಂದು ಹೇಳುತ್ತಾನೆ, ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಈಗಂತೂ ಕಂತು ತೊಂಬತ್ತು ದಿನ ದಾಟಿತೆಂದರೆ ಕಂಪ್ಯೂಟರೇ ಖಾತೆಯನ್ನು ಎನ್‌ಪಿಎ ಅಂದುಬಿಡುತ್ತದೆ. 2004ರ ಮಾರ್ಚಿನಿಂದ ನಿಯಮವೇ ಹಾಗೆ. ಅದಕ್ಕೆ ಯೂನಿಫಾರ್ಮಿನ ಕಥೆ ಕೇಳಿಸುವುದಿಲ್ಲ. ಕೇಳಬೇಕಾದವರು ನಾವೇ, ಅದೂ ತೊಂಬತ್ತು ದಿನದ ಒಳಗೆ.

ಆ ಹುಡುಗ ಬರೆಯದೆ ಬಿಟ್ಟದ್ದು ಹುಲಿಯ ಸಾವು. ಅದು ನನಗೆ ಅರ್ಥವಾಗತೊಡಗಿದ್ದು ಐವತ್ತು ದಾಟಿದ ಮೇಲೆ. ಹಸು ಹೇಳಿದಂತೆ ಬಂದು ನಿಂತಾಗ ಹುಲಿ ಅವಳನ್ನು ಅಕ್ಕ ಎಂದುಬಿಡುತ್ತದೆ. ಅಕ್ಕನನ್ನು ತಿನ್ನುವ ಹಾಗಿಲ್ಲ. ಹುಲ್ಲು ತಿಂದು ಬದುಕಲು ಹುಲಿಗೆ ಬರುವುದಿಲ್ಲ. ನಂಬಿ ಕಳಿಸಿದ ಕ್ಷಣದಲ್ಲೇ ಅದು ತನ್ನ ಬೆಟ್ಟದ ತುದಿಗೆ ಬಂದು ನಿಂತಿತ್ತು ಅನ್ನಿಸುತ್ತದೆ. ಪ್ರಾಣಕ್ಕೆ ಅಪಾಯವಿದ್ದದ್ದು ಹಸುವಿಗೊಂದೇ ಅಂತ ನಾವು ಮಕ್ಕಳು ತಿಳಿದಿದ್ದೆವು. ನಂಬಿದ ಹುಲಿಗೂ ಅಷ್ಟೇ ಇತ್ತು. ಬ್ಯಾಂಕಿಗೆ ಆ ಕಷ್ಟವಿಲ್ಲ ಬಿಡಿ. ನಮಗೆ ಯಾರೂ ಅಕ್ಕನಲ್ಲ, ಅದಕ್ಕೇ ನಾವು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇವೆ, ಅದಕ್ಕೇ ಬದುಕಿಯೂ ಇದ್ದೇವೆ.

ಟೈಲರಮ್ಮ ದಸರೆ ಮುಗಿದ ವಾರ ಬಂದಳು. ಹೇಳಿದ್ದಕ್ಕಿಂತ ಕಡಿಮೆ ತಂದಿದ್ದಳು, ಆದರೆ ಬಂದಳು. ಆಮೇಲೆ ನೂರು, ಇನ್ನೂರು ಹೀಗೆ ಕಟ್ಟುತ್ತಾ 1994ರಲ್ಲಿ ಸಾಲ ತೀರಿಸಿದಳು. ತೀರಿದ ನೋಟಿನ ಮೇಲೆ ಅಡ್ಡಗೆರೆ ಎಳೆದು, ರದ್ದು ಎಂದು ಬರೆದು ವಾಪಸು ಕೊಡುವುದು ಪದ್ಧತಿ. ಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು, "ಆಮೇಲೆ ಒತ್ತಿದ್ದೆನಲ್ಲ ಸಾಬ್, ಇನ್ನೊಂದು ಕಾಗದ, ಅದೆಲ್ಲಿ?" ಫೈಲಿನಿಂದ ಬಿಚ್ಚಿ ಅದನ್ನೂ ಕೊಟ್ಟೆ. ಎರಡನ್ನೂ ಮಡಿಸಿ ರವಿಕೆಯೊಳಗಿಟ್ಟುಕೊಂಡು ಹೋದಳು.