ಮುಸ್ಸಂಜೆಯ ಟಿಕ್ ಟಿಕ್

ಮುಸ್ಸಂಜೆಯಷ್ಟು ನಿಧಾನವಾಗಿ ಆಗುವ ಕೆಲಸ ಲೋಕದಲ್ಲಿ ಕಡಿಮೆ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೂ 20–25 ನಿಮಿಷ ಬೆಳಕು ಹೋಗುವುದೋ ಬೇಡವೋ ಎಂದು ಅಂಗಳದಲ್ಲೇ ನಿಂತಿರುತ್ತದೆ. ದೀಪ ಹಾಕುವ ಹೊತ್ತಾಯಿತೇ ಎಂದು ಮನೆಯಲ್ಲಿ ನಾಲ್ವರನ್ನು ಕೇಳಿ ನೋಡಿ. ಪೇಪರ್ ಓದುತ್ತಿರುವವರಿಗೆ ಆಗಲೇ ಕತ್ತಲೆ, ಜಗಲಿಯಲ್ಲಿ ಹೂ ಕಟ್ಟುತ್ತಿರುವವರಿಗೆ ಇನ್ನೂ ಬೇಕಾದಷ್ಟು ಬೆಳಕು. ನಾಲ್ವರು ಮನುಷ್ಯರೇ ಒಪ್ಪದ ಈ ಪ್ರಶ್ನೆಯನ್ನು ಗೇಟಿನ ಕಂಬದ ಮೇಲಿನ ಒಂದು ಪುಟ್ಟ ಸರ್ಕ್ಯೂಟಿನ ತಲೆಗೆ ಕಟ್ಟಿದರೆ ಅದೇನು ಮಾಡಬೇಕು ಹೇಳಿ?

ಏನು ಮಾಡುತ್ತದೆ ಎಂಬುದನ್ನು ನೀವೂ ಕೇಳಿರಬಹುದು. ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ದೀಪ ಹೊತ್ತುವ ಮುಂಚೆ ಡಬ್ಬಿಯೊಳಗಿನ ರಿಲೇ ಟಿಕ್ ಅನ್ನುತ್ತದೆ, ಮತ್ತೆ ಟಿಕ್ ಟಿಕ್, ಆಮೇಲೆ ಟರ್‌ರ್ ಎಂದು ನಡುಗುತ್ತದೆ. ದೀಪ ಮಿಣುಕಿ ಮಿಣುಕಿ ಕೊನೆಗೊಮ್ಮೆ ನಿಲ್ಲುತ್ತದೆ. ಬೆಳಗಿನ ಜಾವ ಆರುವಾಗಲೂ ಇದೇ ರಗಳೆ. ಎಲೆಕ್ಟ್ರಿಷಿಯನ್ ಬಂದು, “ರಿಲೇ ಹೋಗಿದೆ ಸಾರ್, ಹೊಸದು ಹಾಕ್ಬಿಡ್ತೀನಿ” ಎನ್ನುತ್ತಾನೆ. ಅವನು ಹೇಳುವುದು ಸುಳ್ಳೇನಲ್ಲ, ರಿಲೇ ನಿಜವಾಗಿಯೂ ಹೋಗಿರುತ್ತದೆ. ಪ್ರತಿ ಟಿಕ್‌ಗೂ ಒಳಗೆ ಒಂದು ಕಿಡಿ ಹಾರಿ ಕಾಂಟ್ಯಾಕ್ಟ್ ಸುಟ್ಟುಕೊಂಡಿರುತ್ತದೆ. ಆದರೆ ಹೊಸ ರಿಲೇಗೂ ಅದೇ ಗತಿ, ಏಕೆಂದರೆ ತಪ್ಪು ರಿಲೇಯದ್ದಲ್ಲ. ಅದಕ್ಕೆ ಆಜ್ಞೆ ಕೊಡುವವನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಆಜ್ಞೆ ಕೊಡುವವನು ಯಾರು? ಸಾಮಾನ್ಯವಾಗಿ ಎಲ್‌ಎಂ 358 ಎಂಬ ಎಂಟು ಕಾಲಿನ ಐಸಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಯಾವ ಅಂಗಡಿಗೆ ಹೋಗಿ “ಮುನ್ನೂರ ಐವತ್ತೆಂಟು ಕೊಡಿ” ಎಂದರೂ ತಲೆ ಎತ್ತದೆ ತೆಗೆದುಕೊಡುತ್ತಾರೆ. ಅದರೊಳಗೆ ಎರಡು ಆಪ್-ಆಂಪ್‌ಗಳಿವೆ, ನಮಗೆ ಒಂದು ಸಾಕು. 12 ವೋಲ್ಟ್‌ನಿಂದ ಒಂದು ಎಲ್‌ಡಿಆರ್, ಅದರ ಕೆಳಗೆ ನೆಲಕ್ಕೆ ಒಂದು ರೆಸಿಸ್ಟರ್. ಎರಡೂ ಕೂಡುವ ಜಾಗದ ವೋಲ್ಟೇಜ್ ಬೆಳಕಿದ್ದಾಗ ಮೇಲಿರುತ್ತದೆ, ಕತ್ತಲಾದಂತೆ ಇಳಿಯುತ್ತದೆ. ಅದನ್ನು ಆಪ್-ಆಂಪ್‌ನ ಮೈನಸ್ ಕಾಲಿಗೆ ಕೊಡಿ. ಪ್ಲಸ್ ಕಾಲಿಗೆ ಎರಡು 10 ಕಿಲೋ ಓಂ ರೆಸಿಸ್ಟರ್‌ಗಳಿಂದ 12ರ ಅರ್ಧ, ಅಂದರೆ 6 ವೋಲ್ಟ್ ಕೊಡಿ. ಬೆಳಕಿನ ವೋಲ್ಟೇಜ್ ಆರಕ್ಕಿಂತ ಕೆಳಗಿಳಿದರೆ ಔಟ್‌ಪುಟ್ ಮೇಲೇರಿ, ಒಂದು ಟ್ರಾನ್ಸಿಸ್ಟರ್ ಮೂಲಕ ರಿಲೇ ಎಳೆಯುತ್ತದೆ. ಕಾಗದದ ಮೇಲೆ ಇದರಲ್ಲಿ ಒಂದು ಕುಂದೂ ಕಾಣದು.

ಕಾಗದದ ಮೇಲೆ ಎಂದೆ. ಅಂಗಳದಲ್ಲಿ ಬೇರೆಯೇ ಕಥೆ. ಸಂಜೆ ಅರ್ಧ ಗಂಟೆಯಲ್ಲಿ ಆ ವೋಲ್ಟೇಜ್ 6 ವೋಲ್ಟ್‌ನಷ್ಟು ಇಳಿಯಿತು ಎಂದುಕೊಳ್ಳೋಣ. ನಿಮಿಷಕ್ಕೆ 0.2 ವೋಲ್ಟ್ ಆಯಿತು. ಈ ಇಳಿಜಾರಿನ ಮೇಲೆ ಸಣ್ಣ ಸಣ್ಣ ಅಲುಗಾಟಗಳು ಸದಾ ಕೂತಿರುತ್ತವೆ. ಮಾವಿನ ಎಲೆ ಅಲ್ಲಾಡಿತು, ಮೋಡದ ಚೂರೊಂದು ಹಾದುಹೋಯಿತು, ಎಲ್‌ಡಿಆರ್‌ನ ಉದ್ದನೆಯ ವೈರು ಪಕ್ಕದ 230 ವೋಲ್ಟ್ ಲೈನಿನಿಂದ ಒಂದಿಷ್ಟು ಗುಂಯ್ ಎಂಬುದನ್ನು ಹೊತ್ತು ತಂದಿತು. ಎಲ್ಲ ಸೇರಿ ಬರೀ 0.1 ವೋಲ್ಟ್ ಅಗಲದ ಅಲುಗಾಟ ಎಂದಿಟ್ಟುಕೊಳ್ಳಿ. ಮೂಲ ವೋಲ್ಟೇಜ್ ಆ 0.1 ವೋಲ್ಟ್ ದಾಟಿ ಇಳಿಯಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಪೂರ್ತಿ ಇನ್‌ಪುಟ್ ಆರರ ಗೆರೆಯನ್ನು ಮೇಲೆ ಕೆಳಗೆ ದಾಟುತ್ತಲೇ ಇರುತ್ತದೆ. 358ರ ಗೇನ್ ಸುಮಾರು ಒಂದು ಲಕ್ಷ. ಔಟ್‌ಪುಟ್ ಈ ತುದಿಯಿಂದ ಆ ತುದಿಗೆ ಜಿಗಿಯಲು ಒಂದು ಮಿಲಿವೋಲ್ಟ್‌ನ ಹತ್ತನೇ ಒಂದು ಪಾಲು ವ್ಯತ್ಯಾಸ ಸಾಕು. ಎಲೆಯ ಒಂದೊಂದು ಅಲುಗಾಟಕ್ಕೂ ಅದು ತೀರ್ಪು ಕೊಡುತ್ತದೆ, ಕೊಟ್ಟ ತೀರ್ಪನ್ನು ವಾಪಸ್ ಪಡೆಯುತ್ತದೆ.

ಇದಕ್ಕೆ ಮದ್ದು ಒಂದೇ ಒಂದು ರೆಸಿಸ್ಟರ್. ಔಟ್‌ಪುಟ್‌ನಿಂದ ಪ್ಲಸ್ ಕಾಲಿಗೆ 100 ಕಿಲೋ ಓಂ ಹಾಕಿಬಿಡಿ, ಆಯಿತು. ಆ ರೆಸಿಸ್ಟರ್ ಮಾಡುವುದಿಷ್ಟೆ: ಔಟ್‌ಪುಟ್ ಎಲ್ಲಿದೆಯೋ ಆ ಕಡೆಗೆ 6 ವೋಲ್ಟ್‌ನ ಗೆರೆಯನ್ನು ಕೊಂಚ ಎಳೆಯುತ್ತದೆ. ಎರಡು 10 ಕಿಲೋ ರೆಸಿಸ್ಟರ್‌ಗಳು ಪ್ಲಸ್ ಕಾಲಿನ ಕಡೆಯಿಂದ ನೋಡಿದರೆ 6 ವೋಲ್ಟ್‌ಗೆ ಕಟ್ಟಿದ 5 ಕಿಲೋ ಇದ್ದಂತೆ. 12 ವೋಲ್ಟ್ ಸಪ್ಲೈಯಲ್ಲಿ 358ರ ಔಟ್‌ಪುಟ್ ಪೂರ್ತಿ 12ಕ್ಕೆ ಏರುವುದಿಲ್ಲ, ಸುಮಾರು 10.5ಕ್ಕೆ ನಿಲ್ಲುತ್ತದೆ. ಕೆಳಗೆ ಹೆಚ್ಚುಕಡಿಮೆ ಸೊನ್ನೆ ಮುಟ್ಟುತ್ತದೆ. ಇನ್ನು ಲೆಕ್ಕ ಎಷ್ಟು ಸುಲಭ ನೋಡಿ:

```
6 - 6 × 5/105 = 5.71 V
6 + 4.5 × 5/105 = 6.21 V
```

ಒಂದು ಗೆರೆ ಇದ್ದಲ್ಲಿ ಎರಡಾದವು. ಹಗಲಲ್ಲಿ ಔಟ್‌ಪುಟ್ ಕೆಳಗಿರುವುದರಿಂದ ಜಾರಿಯಲ್ಲಿರುವುದು 5.71ರ ಗೆರೆ. ಸಂಜೆ ಇನ್‌ಪುಟ್ ಇಳಿದಿಳಿದು ಅದನ್ನು ಒಮ್ಮೆ ಸೋಕಿತೋ, ಔಟ್‌ಪುಟ್ ಏರತೊಡಗುತ್ತದೆ. ಏರುತ್ತಲೇ ಗೆರೆಯನ್ನೂ ಮೇಲಕ್ಕೆ ಒಯ್ಯುತ್ತದೆ, ಗೆರೆ ಮೇಲೆ ಹೋದದ್ದರಿಂದ ಔಟ್‌ಪುಟ್ ಇನ್ನೂ ಜೋರಾಗಿ ಏರುತ್ತದೆ. ಒಂದೇ ಜಿಗಿತ, ನಡುವೆ ನಿಲ್ಲುವ ಮಾತೇ ಇಲ್ಲ. ಈಗ ಗೆರೆ 6.21ರಲ್ಲಿದೆ. ಇನ್‌ಪುಟ್ 0.1 ವೋಲ್ಟ್‌ನಷ್ಟು ಕುಣಿದರೂ ಅಷ್ಟು ಮೇಲಕ್ಕೆ ಕೈ ಎಟುಕದು. ರಿಲೇ ಒಮ್ಮೆ ಟಿಕ್ ಎಂದು ಸುಮ್ಮನಾಗುತ್ತದೆ. ಬೆಳಗ್ಗೆ 6.21 ದಾಟಿದಾಗ ಮತ್ತೊಂದು ಟಿಕ್. ಇದೇ ಶ್ಮಿಟ್ ಟ್ರಿಗರ್. ಎರಡು ಗೆರೆಗಳ ನಡುವಿನ ಆ ಅರ್ಧ ವೋಲ್ಟ್ ಅದರ ಹಿಸ್ಟರಿಸಿಸ್. ಮಹಡಿಯ ನೀರಿನ ಟ್ಯಾಂಕಿನ ಮೋಟಾರು ತಳ ಕಂಡಾಗ ಶುರುವಾಗಿ ತುಂಬಿದಾಗ ನಿಲ್ಲುತ್ತದಲ್ಲ, ಒಂದೇ ಮಟ್ಟಕ್ಕೆ ಎರಡೂ ಕೆಲಸ ವಹಿಸಿದ್ದರೆ ಮೋಟಾರಿನ ಪಾಡೇನು?

ಇನ್ನೊಂದು ಸೂಕ್ಷ್ಮ ಗಮನಿಸಿದಿರಾ? ಮೇಲಿನ ಗೆರೆ ಆರರಿಂದ 0.21 ದೂರ, ಕೆಳಗಿನದು 0.29 ದೂರ. ಔಟ್‌ಪುಟ್ 12 ಮುಟ್ಟದೆ 10.5ಕ್ಕೆ ನಿಂತದ್ದರ ಫಲ ಇದು. ಪುಸ್ತಕಗಳಲ್ಲಿ ಎರಡೂ ಕಡೆ ಸಮ ಎಂದು ಬರೆದಿರುತ್ತದೆ, ನಿಮ್ಮ ಮೀಟರ್ ಮಾತ್ರ ಬೇರೆ ತೋರಿಸುತ್ತದೆ. ಮೀಟರನ್ನೇ ನಂಬಿ.

ಶ್ಮಿಟ್ ಎಂದರೆ ಯಾರು ಎಂದು ಕೇಳದೆ ಮುಂದೆ ಹೋಗುವುದು ನನ್ನಿಂದಾಗದು. ಆಟೋ ಶ್ಮಿಟ್ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ. 1934ರಲ್ಲಿ ಇದನ್ನು ಕಟ್ಟಿದಾಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಅವನ ಆಸಕ್ತಿ ದೀಪವೂ ಅಲ್ಲ ರಿಲೇಯೂ ಅಲ್ಲ, ಸ್ಕ್ವಿಡ್‌ನ ನರ! ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎಂದು ಹುರಿದು ತಿನ್ನುತ್ತಾರಲ್ಲ, ಅದೇ ಪ್ರಾಣಿ. ನರವೊಂದು ಸಣ್ಣಪುಟ್ಟ ಪ್ರಚೋದನೆಗೆ ಮಿಸುಕುವುದಿಲ್ಲ. ಒಂದು ಮಟ್ಟ ದಾಟಿದರೆ ಮಾತ್ರ ಪೂರ್ತಿ ಸಿಡಿಯುತ್ತದೆ, ಅರ್ಧಂಬರ್ಧ ಸಿಡಿತ ಎಂಬುದೇ ಇಲ್ಲ. ಆ ಗುಣವನ್ನು ಅವನು ಎರಡು ವಾಲ್ವ್‌ಗಳಲ್ಲಿ ಕಟ್ಟಿ, 1938ರಲ್ಲಿ ಥರ್ಮಿಯಾನಿಕ್ ಟ್ರಿಗರ್ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಜೀವಿಗಳಿಂದ ಎಂಜಿನಿಯರಿಂಗ್ ಕಲಿಯುವ ಬಯೋಮಿಮೆಟಿಕ್ಸ್ ಎಂಬ ಶಾಸ್ತ್ರಕ್ಕೆ ಹೆಸರಿಟ್ಟವನೂ ಅವನೇ. ಗೇಟಿನ ದೀಪದ ಹಿಂದೆ ಸಮುದ್ರದ ಪ್ರಾಣಿಯೊಂದರ ನರ ಕೂತಿದೆ ಎಂದುಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬನ್ನಿ, ಗೇಟಿನ ಹತ್ತಿರಕ್ಕೇ ವಾಪಸ್ ಹೋಗೋಣ. “ರೆಸಿಸ್ಟರ್ ಯಾಕೆ, ಇನ್‌ಪುಟ್‌ಗೆ ಒಂದು ದೊಡ್ಡ ಕೆಪಾಸಿಟರ್ ಹಾಕಿದರೆ ಅಲುಗಾಟ ತಾನಾಗೇ ಸಾಯುವುದಿಲ್ಲವೇ?” ಎಂದು ಕೇಳುವವರಿದ್ದಾರೆ. ಕೆಪಾಸಿಟರ್ ಅಲುಗಾಟವನ್ನು ಸಣ್ಣದು ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಒಂದು ಮಿಲಿವೋಲ್ಟ್ ಉಳಿದರೂ ಲಕ್ಷದ ಗೇನಿನ ಮುಂದೆ ಅದು ಬೆಟ್ಟವೇ. ಇನ್‌ಪುಟ್ ನಿಧಾನವಾಗಿದ್ದಷ್ಟೂ ಗೆರೆಯ ಬಳಿ ಸುಳಿದಾಡುವ ಹೊತ್ತು ಹೆಚ್ಚು. ಹಾಗೆಂದು ಕೆಪಾಸಿಟರ್ ದಂಡ ಎನ್ನುತ್ತಿಲ್ಲ. ರಾತ್ರಿ ಮಿಂಚು ಹೊಡೆದಾಗ ಇನ್‌ಪುಟ್ ಕ್ಷಣಕಾಲ 6.21ರ ಮೇಲೆ ಹಾರುತ್ತದೆ, ಅಷ್ಟಕ್ಕೇ ದೀಪ ಆರಬಾರದು ಎಂದರೆ ಅರ್ಧ ಸೆಕೆಂಡು ತಡೆಯುವ ಕೆಪಾಸಿಟರ್ ಬೇಕೇ ಬೇಕು. ದೊಡ್ಡದಾಗಿ ಬಂದು ಥಟ್ಟನೆ ಹೋಗುವುದನ್ನು ಕೆಪಾಸಿಟರ್ ನೋಡಿಕೊಳ್ಳಲಿ, ಸಣ್ಣದಾಗಿ ಸದಾ ಕಾಡುವುದನ್ನು ಹಿಸ್ಟರಿಸಿಸ್ ನೋಡಿಕೊಳ್ಳಲಿ.

ಹಿಸ್ಟರಿಸಿಸ್‌ಗೂ ನಿಲುಕದ ಒಂದು ಪೀಡೆ ಇದೆ. ದೀಪ ಹೊತ್ತಿದಾಗ ಅದರ ಬೆಳಕೇ ಎಲ್‌ಡಿಆರ್ ಮೇಲೆ ಬಿದ್ದರೆ? ಇನ್‌ಪುಟ್ 5.7ರಿಂದ ಸೀದಾ 7ಕ್ಕೆ ಹಾರಿತು ಅನ್ನಿ. 6.21 ದಾಟಿತಲ್ಲ, ‘ಓ, ಬೆಳಗಾಯಿತು’ ಎಂದು ದೀಪ ಆರುತ್ತದೆ. ಆರಿದೊಡನೆ ಕತ್ತಲೆ, ಮತ್ತೆ ಹೊತ್ತುತ್ತದೆ. ಇದನ್ನು ಗುರುತಿಸುವುದು ಸುಲಭ. ಅಲುಗಾಟದ ಟರ್‌ರ್ ತಾಳತಪ್ಪಿ ಬರುತ್ತದೆ, ಅರ್ಧ ನಿಮಿಷ ಒಂದು ನಿಮಿಷದಲ್ಲಿ ತಾನೇ ಅಡಗುತ್ತದೆ. ತನ್ನ ಬೆಳಕನ್ನು ತಾನೇ ಕಂಡ ದೀಪ ಒಂದೇ ತಾಳದಲ್ಲಿ ಮಿಣುಕುತ್ತದೆ, ಕತ್ತಲು ಗಟ್ಟಿಯಾದ ಮೇಲೂ ಬಿಡುವುದಿಲ್ಲ. 100 ಕಿಲೋ ತೆಗೆದು 47 ಕಿಲೋ ಹಾಕಿದರೆ ಗೆರೆಗಳ ಅಂತರ ಒಂದು ವೋಲ್ಟ್ ಆಗುತ್ತದೆ, ಆಗಲೂ 7 ದಾಟಿಹೋಗಿಯೇ ಇರುತ್ತದೆ. ಅಂತರ ಹಿಗ್ಗಿಸುತ್ತ ಹೋದರೆ ಬೆಳಗ್ಗೆ ಬಿಸಿಲೇರಿದ ಮೇಲೂ ದೀಪ ಉರಿಯುತ್ತ ನಿಲ್ಲುತ್ತದೆ. ಇಲ್ಲಿ ಬೇಕಾದದ್ದು ರೆಸಿಸ್ಟರ್ ಅಲ್ಲ, ಬೆರಳುದ್ದದ ಪಿವಿಸಿ ಪೈಪು. ಅದರೊಳಗೆ ಎಲ್‌ಡಿಆರ್ ಕೂರಿಸಿ, ದೀಪಕ್ಕೆ ಬೆನ್ನು ಹಾಕಿಸಿ ಆಕಾಶ ತೋರಿಸಿ.

ಹಳೆಯ ಡಬ್ಬಿಯಲ್ಲಿ ಬಿದ್ದಿದ್ದ 741 ಇದೆ, ಅದನ್ನೇ ಹಾಕಿದರಾಗದೇ ಎಂದರೆ, ಈ ಕೆಲಸಕ್ಕೆ ಬೇಡ ಎಂದೇ ಹೇಳುತ್ತೇನೆ. ಒಂದೇ 12 ವೋಲ್ಟ್ ಸಪ್ಲೈಯಲ್ಲಿ ಅದರ ಔಟ್‌ಪುಟ್ ಸೊನ್ನೆಗೆ ಇಳಿಯುವುದಿಲ್ಲ, ಒಂದೂವರೆ ಎರಡು ವೋಲ್ಟ್‌ನಲ್ಲೇ ನಿಲ್ಲುತ್ತದೆ. ಟ್ರಾನ್ಸಿಸ್ಟರ್‌ಗೆ 0.7 ಸಾಕಲ್ಲ! ದೀಪ ಒಮ್ಮೆ ಹೊತ್ತಿದರೆ ಆರುವುದೇ ಇಲ್ಲ. ಐಸಿಯ ಕಾಲುಗಳ ವಿಷಯದಲ್ಲೂ ಒಂದು ಮಾತು. ಆ 100 ಕಿಲೋ ಕೈತಪ್ಪಿ ಮೈನಸ್ ಕಾಲಿಗೆ ಬೆಸುಗೆಯಾದರೆ ಟ್ರಿಗರ್ ಹೋಗಿ ಸಾದಾ ಆಂಪ್ಲಿಫೈಯರ್ ಆಗುತ್ತದೆ. ಮುಸ್ಸಂಜೆಯಲ್ಲಿ ಔಟ್‌ಪುಟ್ ಸೊನ್ನೆಯೂ ಅಲ್ಲದ 10.5 ಕೂಡ ಅಲ್ಲದ ಯಾವುದೋ ನಡುವಿನ ಅಂಕಿಯಲ್ಲಿ ತೂಗುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಹೊಸದಾಗಿ ಕಟ್ಟುವವರಿಗೆ ನನ್ನದೊಂದು ಕೋರಿಕೆ. ಬೇರೆಯವರ ಚಿತ್ರದಲ್ಲಿರುವ 100 ಕಿಲೋವನ್ನು ಕಣ್ಣುಮುಚ್ಚಿ ಹಾಕಬೇಡಿ. 230 ವೋಲ್ಟ್ ಕಡೆಯ ವೈರು ಬಿಚ್ಚಿಟ್ಟು, ಬರೀ 12 ವೋಲ್ಟ್ ಕೊಟ್ಟು, ಒಂದು ಸಂಜೆ ಎಲ್‌ಡಿಆರ್ ಬಳಿಯ ವೋಲ್ಟೇಜ್ ಎಷ್ಟು ಕುಣಿಯುತ್ತದೆ ನೋಡಿ. ಮಲ್ಟಿಮೀಟರ್ ನಿಧಾನದ ಕುಣಿತವನ್ನಷ್ಟೇ ತೋರಿಸುತ್ತದೆ, ಬೇಗದ್ದನ್ನು ನೋಡಲು ಆಸಿಲೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಕಂಡ ಕುಣಿತದ ಎರಡು ಮೂರು ಪಟ್ಟು ಅಂತರ ಬರುವಂತೆ ರೆಸಿಸ್ಟರ್ ಆರಿಸಿ, ಅದಕ್ಕಿಂತ ಹೆಚ್ಚು ಬೇಡ.